ಅಪ್‌ಡೇಟ್: ಲ್ಯಾಂಬ್ಡಾದ ಮೊದಲ ರಿಕ್ವೆಸ್ಟ್ ಟೈಮ್‌ಔಟ್ ಆಗ್ತಿದ್ದದ್ದು

ನನ್ನ ಪ್ರಶ್ನೆ: ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಮೊದಲ ರಿಕ್ವೆಸ್ಟ್ ಟೈಮ್‌ಔಟ್ ಆಗುತ್ತೆ, ಎರಡನೆಯದು ತಕ್ಷಣ ಬರುತ್ತೆ. ಯಾಕೆ?

ಸರಿಹೋಯ್ತು! ಲಾಗ್‌ನಲ್ಲಿ ಹೀಗಿತ್ತು:

```
Init Duration: 842.15 ms
Task timed out after 3.00 seconds
```

ಮೊದಲ ಸಾಲು ಕೋಲ್ಡ್ ಸ್ಟಾರ್ಟ್ ಆದಾಗ ಮಾತ್ರ ಕಾಣುತ್ತೆ. ಆ ಸಮಯ ಫಂಕ್ಷನ್‌ನ ಟೈಮ್‌ಔಟ್ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ 10 ಸೆಕೆಂಡಿನ ಬೇರೆ ಮಿತಿ ಇದೆ. ಅಂದ್ರೆ 3 ಸೆಕೆಂಡನ್ನು ತಿಂದದ್ದು ಹ್ಯಾಂಡ್ಲರ್ ಒಳಗಿನ ಕೆಲಸ. ಪಾಸ್‌ವರ್ಡ್ ತರುವುದು, ಡೇಟಾಬೇಸ್ ಕನೆಕ್ಷನ್ ತೆರೆಯುವುದು, ಎರಡೂ ಅಲ್ಲೇ ಇದ್ದವು.

ಎರಡನ್ನೂ ಹ್ಯಾಂಡ್ಲರ್ ಹೊರಗೆ ಹಾಕಿದೆ. ಮೆಮೊರಿಯನ್ನು 128ರಿಂದ 512 ಎಂಬಿಗೆ ಏರಿಸಿದೆ, ಯಾಕಂದ್ರೆ ಸಿಪಿಯು ಪಾಲೂ ಅದರ ಜೊತೆಗೇ ಜಾಸ್ತಿ ಆಗುತ್ತೆ. ಟೈಮ್‌ಔಟ್ 10 ಸೆಕೆಂಡ್ ಇಟ್ಟೆ. ಸುಮ್ನೆ 15 ನಿಮಿಷ ಕೊಟ್ಟು ಪ್ರಯೋಜನವಿಲ್ಲ. ಮುಂದಿರುವ ಎಪಿಐ ಗೇಟ್‌ವೇ ಡೀಫಾಲ್ಟ್ ಆಗಿ 29 ಸೆಕೆಂಡಿಗೇ ಕೈಬಿಡುತ್ತೆ. ಕೋಲ್ಡ್ ಸ್ಟಾರ್ಟ್ ಈಗಲೂ ಇದೆ, ಆದರೆ ಮೊದಲ ರಿಕ್ವೆಸ್ಟಿಗೂ ಉತ್ತರ ಬರ್ತಿದೆ.