ಒಬ್ಬರೇ ಬರುವುದಾದರೆ ಭಾನುವಾರ ಸಂಜೆ ಬನ್ನಿ

ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರು ಬರೆದಿದ್ದರು: "ವಯಸ್ಸು 67. ಹೆಂಡತಿ ತೀರಿಕೊಂಡು ಎರಡನೇ ವರ್ಷ ನಡೆಯುತ್ತಿದೆ. ಮಕ್ಕಳು ಪ್ಯಾಕೇಜ್ ಟೂರಿಗೆ ಹೋಗಿ ಬಾ ಅನ್ನುತ್ತಾರೆ. ದಿನಕ್ಕೊಂದು ಊರು ಸುತ್ತುವ ಮನಸ್ಸು ನನಗಿಲ್ಲ. ಮಲೆನಾಡಿನಲ್ಲಿ ಕೆಲವು ದಿನ ಒಬ್ಬನೇ ಇದ್ದು ಬರಬೇಕು. ಗದ್ದಲ ಬೇಡ. ಹಾಗಂತ ಗೋಡೆ ನೋಡುತ್ತಾ ಕೂರುವುದೂ ಬೇಡ. ಮಂಡಿ ನೋವಿದೆ, ಬಿಪಿ ಮಾತ್ರೆ ಇದೆ, ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರವಾಗುತ್ತದೆ. ನವೆಂಬರ್ ಕೊನೆಗೆ ಎಲ್ಲಿಗೆ ಹೋಗಲಿ, ದಿನ ಹೇಗೆ ಕಳೆಯಲಿ?" ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಹೆಗ್ಗೋಡಿನ ಹತ್ತಿರದಿಂದ, ಅಡಿಕೆ ತೋಟದ ಮನೆಯವರು

ಅಣ್ಣಾ, ನೀವು ಕೇಳಿದ ತಿಂಗಳು ಒಳ್ಳೆಯದೇ. ಮಳೆ ಮುಗಿದಿರುತ್ತದೆ, ಇಂಬಳದ ಕಾಟ ಇರುವುದಿಲ್ಲ. ನಮ್ಮ ಕಡೆ ಅದು ಅಡಿಕೆ ಸುಗ್ಗಿಯ ಹೊತ್ತು. ನಿಮಗೆ ಬೇಕಾದ ಹಗುರವಾದ ಜೊತೆ ಸಿಗುವುದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ.

ನಾವೂ ಎರಡು ಕೋಣೆಯನ್ನು ಬಂದವರಿಗೆ ಕೊಡುತ್ತೇವೆ, ಹಾಗಾಗಿ ಒಳಗಿನ ಮಾತು ಹೇಳುತ್ತೇನೆ. ಹೋಂಸ್ಟೇಗೆ ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ಗುಂಪು ಬರುತ್ತದೆ. ಬೆಂಕಿ ಹಾಕಿ ಕೂರುತ್ತಾರೆ, ಸ್ಪೀಕರ್ ಹಾಕುತ್ತಾರೆ. ಅವರದೂ ತಪ್ಪಲ್ಲ, ಬಂದಿರುವುದೇ ಅದಕ್ಕೆ. ಆದರೆ ನೀವು ಆ ಹೊತ್ತಿಗೆ ಬಂದರೆ ಮೊದಲ ರಾತ್ರಿಯೇ ವಾಪಸು ಹೋಗೋಣ ಅನ್ನಿಸುತ್ತದೆ. ಭಾನುವಾರ ಸಂಜೆ ಬನ್ನಿ, ಶುಕ್ರವಾರ ಊಟ ಮುಗಿಸಿ ಹೊರಡಿ. ನಡುವಿನ ದಿನಗಳಲ್ಲಿ ಹೆಚ್ಚಿನ ಮನೆಗಳು ಖಾಲಿ. ಮನೆಯವರಿಗೂ ನಿಮ್ಮ ಹತ್ತಿರ ಕೂತು ಮಾತಾಡಲು ಪುರುಸೊತ್ತು. ಲೆಕ್ಕ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ, ಊಟ ಸೇರಿಸಿ ಇರುತ್ತದೆ. ಕೆಲವು ಕಡೆ ಒಬ್ಬರಿಗೂ ಇಡೀ ಕೋಣೆಯ ದುಡ್ಡು ಕೇಳುತ್ತಾರೆ. ವಾರದ ನಡುವೆ, ಅದೂ ಐದು ದಿನಕ್ಕೆ ಅಂದರೆ ಇಳಿಸಿ ಮಾತಾಡಬಹುದು.

ಫೋನಿನಲ್ಲಿ ವ್ಯೂ ಹೇಗಿದೆ ಅಂತ ಕೇಳುವುದು ಆಮೇಲೆ. ಮಂಡಿ ನೋವಿನವರು ಮೊದಲು ಕೇಳಬೇಕಾದದ್ದು ಬೇರೆ. ಬಚ್ಚಲು ಕೋಣೆಗೆ ಅಂಟಿಕೊಂಡಿದೆಯಾ, ಹಿತ್ತಲಲ್ಲಿದೆಯಾ? ಕುರ್ಚಿಯಂಥ ಕಮೋಡ್ ಇದೆಯಾ? ಮಂಚ ಇದೆಯಾ? ಜಗಲಿಗೆ ಎಷ್ಟು ಮೆಟ್ಟಿಲು? ಬಸ್ಸಿಳಿಯುವ ಜಾಗದಿಂದ ಮನೆ ಎಷ್ಟು ದೂರ, ದಾರಿ ಇಳಿಜಾರಾ? ಮಲೆನಾಡಿನ ಮನೆಗಳು ತಗ್ಗಿನಲ್ಲಿರುತ್ತವೆ, ತೋಟ ಇನ್ನೂ ಕೆಳಗೆ. "ಇಲ್ಲೇ ಹತ್ತಿರ" ಅಂತ ನಮ್ಮವರು ಹೇಳಿದರೆ ಸುಮ್ನೆ ನಂಬಬೇಡಿ, ಎಷ್ಟು ನಿಮಿಷದ ನಡಿಗೆ ಅಂತ ಕೇಳಿ. ಅದನ್ನು ದುಪ್ಪಟ್ಟು ಮಾಡಿಕೊಳ್ಳಿ. ಮನೆಯಲ್ಲಿ ನಿಮ್ಮ ವಯಸ್ಸಿನವರು ಯಾರಾದರೂ ಇದ್ದಾರಾ ಅಂತಲೂ ಕೇಳಿ. ಇದ್ದರೆ ಅರ್ಧ ಕೆಲಸ ಮುಗಿಯಿತು.

ದಿನ ಹೇಗಿರುತ್ತದೆ ಅಂದರೆ, ನಾಲ್ಕೂವರೆಗೆ ಎದ್ದರೆ ಇಲ್ಲಿ ನೀವು ವಿಚಿತ್ರ ಮನುಷ್ಯ ಅನ್ನಿಸುವುದಿಲ್ಲ. ಐದಕ್ಕೆಲ್ಲ ಬಚ್ಚಲ ಒಲೆಗೆ ಬೆಂಕಿ ಬಿದ್ದಿರುತ್ತದೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾರೆ. ಒಲೆ ಮುಂದೆ ಕೂತು ಕಷಾಯವೋ ಕಾಫಿಯೋ ಕುಡಿಯಬಹುದು. ಬೆಳಕು ಹರಿದು ಇಬ್ಬನಿ ಸ್ವಲ್ಪ ಇಳಿದ ಮೇಲೆ ಟಾರ್ ರಸ್ತೆಯಲ್ಲಿ ಒಂದು ಸುತ್ತು. ತೋಟಕ್ಕೆ ಒಬ್ಬರೇ ಇಳಿಯಬೇಡಿ, ಮರಗಳ ಸಾಲಿನ ನಡುವೆ ತೋಡಿದ ಕಪ್ಪಿನ ಅಂಚು ಜಾರುತ್ತದೆ. ತಿಂಡಿಗೆ ನೀರುದೋಸೆಯೋ ಕಡುಬೋ ಇರುತ್ತದೆ. ಬಿಪಿ ಇರುವವರು ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ಮಾತ್ರ ಕೈ ಹಿಡಿತ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಒಂದೆಲಗದ ತಂಬುಳಿ ಕೇಳಿ ಮಾಡಿಸಿಕೊಳ್ಳಿ.

ಹಗಲಲ್ಲಿ ಕೊನೆಗೌಡರು ಮರ ಹತ್ತಿ ಅಡಿಕೆ ಗೊನೆ ಇಳಿಸುವುದನ್ನು ದೂರದಿಂದ ನೋಡಬಹುದು. ಕತ್ತಲಾಗುವ ಹೊತ್ತಿಗೆ ಅಂಗಳದಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ಸುಲಿಯುವವರು ಸೇರುತ್ತಾರೆ. ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಾ ರಾತ್ರಿವರೆಗೂ ಕೂರುತ್ತಾರೆ. ಮಗಳ ಬಾಣಂತನ, ಮಂಗ ಹಾಳು ಮಾಡಿದ ಬಾಳೆ, ಅಡಿಕೆ ರೇಟು, ಯಾವ ಮೇಳದ ಆಟ ಎಲ್ಲಿದೆ, ಎಲ್ಲಾ ಅಲ್ಲಿ ಬರುತ್ತದೆ. ನೀವು ಒಂದು ಕುರ್ಚಿ ಹಾಕಿಕೊಂಡು ಕೂತರೆ ಸಾಕು. ಎಲ್ಲರ ಕೈಗೂ ಕೆಲಸ ಇರುವುದರಿಂದ ನಿಮ್ಮ ಮುಖ ನೋಡಿ ಮಾತು ಎಳೆಯುವವರಿಲ್ಲ. ಸುಮ್ಮನಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಮಾತಾಡಬೇಕು ಅನ್ನಿಸಿದರೆ ನಡುವೆ ಸೇರಿಕೊಳ್ಳಬಹುದು. ಮೆಟ್ಟುಗತ್ತಿಗೆ ಕೈ ಹಾಕಬೇಡಿ, ಅಭ್ಯಾಸ ಇಲ್ಲದವರ ಬೆರಳು ಹೋಗುತ್ತದೆ. ಸುಲಿದ ಅಡಿಕೆಯಲ್ಲಿ ಸಿಪ್ಪೆ ಆರಿಸುವ ಕೆಲಸ ಕೊಡಿ ಅಂತ ಕೇಳಿ, ಸಂತೋಷದಿಂದ ಕೊಡುತ್ತಾರೆ. ಚೊಗರಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಹಳೆ ಅಂಗಿ ತನ್ನಿ. ಮರುದಿನ ಅದೇ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ ಅಂಗಳದಲ್ಲಿ ಕಟ್ಟಿದ ಅಟ್ಟದ ಮೇಲೆ ಒಣ ಹಾಕುತ್ತಾರೆ. ಬಿಸಿಲಿಗೆ ಕೂರಲು ಆ ಜಾಗ ಚೆನ್ನಾಗಿರುತ್ತದೆ.

ಒಂದು ಎಚ್ಚರಿಕೆ. ಈಗ ಬಹಳ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ಕೆಲವರು ಹಸಿ ಅಡಿಕೆಯನ್ನೇ ಮಾರಿಬಿಡುತ್ತಾರೆ. ಅಂಥ ಮನೆಯಲ್ಲಿ ಸಂಜೆ ಬರೀ ಮೋಟರ್ ಶಬ್ದ, ಇಲ್ಲವೇ ಖಾಲಿ ಅಂಗಳ. "ನಿಮ್ಮಲ್ಲಿ ಸುಲಿಯೋದು ಕೈಯಲ್ಲಾ, ಮಿಷನ್ನಾ?" ಅಂತ ಮೊದಲೇ ಕೇಳಿ.

ನಡುವೆ ಒಂದು ದಿನ ಹೊರಗೆ ಹೋಗಬೇಕು ಅನ್ನಿಸಿದರೆ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ಇದೆ. ಅಂದು ಸಂಜೆ ನಾಟಕವೇನಾದರೂ ಇದೆಯಾ ವಿಚಾರಿಸಿ. ಪಕ್ಕದ ಭೀಮನಕೋಣೆಯಲ್ಲಿ ಚರಕದವರ ಕೈಮಗ್ಗ ಇದೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ವಾರದ ದಿನಗಳಲ್ಲಿ ಬಹುತೇಕ ನಿರ್ಜನ, ಮಂಟಪದ ತಂಪಿನಲ್ಲಿ ಎಷ್ಟು ಹೊತ್ತಾದರೂ ಕೂರಬಹುದು. ಜೋಗ ಈ ಸಲ ಬಿಡಿ. ನವೆಂಬರಿನಲ್ಲಿ ನೀರು ಕಡಿಮೆ, ಮೆಟ್ಟಿಲು ಜಾಸ್ತಿ.

ಭದ್ರಾವತಿಯಿಂದ, ನಿವೃತ್ತ ಮೇಷ್ಟರು

ನನ್ನ ಹೆಂಡತಿಯೂ ಇಲ್ಲ. ಹಾಗಾಗಿ ಬೇರೆಯವರು ಬರೆಯದ ಒಂದು ವಿಷಯ ಹೇಳುತ್ತೇನೆ.

ನೀವು ಎಲ್ಲಿಗೆ ಹೋದರೂ ಎಲೆ ಹಾಕುವ ಹೊತ್ತಿಗೆ ಮನೆಯಾಕೆ ಕೇಳುತ್ತಾರೆ, "ಒಬ್ರೇ ಬಂದ್ರಾ? ಮನೆಯವರನ್ನ ಕರ್ಕೊಂಡು ಬರ್ಲಿಲ್ವಾ?" ಪ್ರೀತಿಯಿಂದಲೇ ಕೇಳುವುದು. ಆದರೆ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಇದಕ್ಕೆ ಉಪಾಯ ಒಂದೇ. ಕೋಣೆ ಕೇಳಲು ಫೋನ್ ಮಾಡುವಾಗಲೇ ಹೇಳಿಬಿಡಿ: "ನನ್ನ ಹೆಂಡತಿ ತೀರಿಕೊಂಡಿದ್ದಾರೆ. ಕೆಲವು ದಿನ ಸುಮ್ಮನೆ ಇರಲು ಬರುತ್ತಿದ್ದೇನೆ. ಆರೋಗ್ಯ ಚೆನ್ನಾಗಿದೆ." ಅಷ್ಟೇ ಸಾಕು. ಆಮೇಲೆ ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೆಲಸದವರಿಗೂ ಮೊದಲೇ ಹೇಳಿರುತ್ತಾರೆ.

ಇದರಿಂದ ಇನ್ನೊಂದು ಉಪಯೋಗವಿದೆ. ವಯಸ್ಸಾದ ಗಂಡಸು ಒಬ್ಬನೇ ಬಂದು ಕೋಣೆ ಕೇಳಿದರೆ ಲಾಡ್ಜಿನವರು, ಹೋಂಸ್ಟೇಯವರು ಹಿಂದೆಮುಂದೆ ನೋಡುತ್ತಾರೆ. ಏನಾದರೂ ಮಾಡಿಕೊಂಡುಬಿಟ್ಟರೆ ಅಂತ ಭಯ. ನೇರವಾಗಿ ಹೇಳುವುದಿಲ್ಲ, "ರೂಮು ಖಾಲಿ ಇಲ್ಲ" ಅನ್ನುತ್ತಾರೆ. ಮಗನ ಕೈಯಲ್ಲೋ ಮಗಳ ಕೈಯಲ್ಲೋ ಒಂದು ಫೋನ್ ಮಾಡಿಸಿ, ಅವರ ನಂಬರ್ ಕೊಡಿಸಿ, ಆಧಾರ್ ಕಾರ್ಡ್ ಜೊತೆಗಿಡಿ. ಬೇಜಾರು ಮಾಡಿಕೊಳ್ಳಬೇಡಿ, ಅವರ ಜಾಗದಲ್ಲಿ ನಾವಿದ್ದರೂ ಹಾಗೇ ಮಾಡುತ್ತಿದ್ದೆವು.

ಅಂಗಳದ ಅಡಿಕೆ ಸುಲಿಯುವ ಕೂಟ ಸಿಕ್ಕರೆ ಬಿಡಬೇಡಿ. ನನಗೆ ಕಷ್ಟವಾಗುವ ಹೊತ್ತು ದೀಪ ಹಚ್ಚುವ ಹೊತ್ತು. ನಿಮಗೂ ಹಾಗೇ ಇದ್ದರೆ ಆ ಎರಡು ಗಂಟೆಗೆ ಏನಾದರೂ ಇರುವ ಜಾಗವನ್ನೇ ಆರಿಸಿ. ಹಗಲು ಹೇಗೋ ಹೋಗುತ್ತದೆ. ಮಕ್ಕಳಿಗೆ ಫೋನ್ ಮಾಡುವುದನ್ನು ಆ ಹೊತ್ತಿಗೆ ಇಡಬೇಡಿ, ಬೆಳಿಗ್ಗೆ ತಿಂಡಿಯಾದ ಮೇಲೆ ಮಾಡಿ. ಸಂಜೆ ನಿಮ್ಮ ದನಿ ಕೇಳಿದರೆ ಅವರು ಗಾಬರಿಯಾಗಿ ಮರುದಿನವೇ ಕಾರು ತರುತ್ತಾರೆ!

ತೀರ್ಥಹಳ್ಳಿಯಿಂದ, ಪುಸ್ತಕದಂಗಡಿಯವರು

ಎಲ್ಲರೂ ನಿಮ್ಮನ್ನು ತೋಟದ ಮನೆಗೆ ಕಳಿಸುತ್ತಾರೆ, ನೋಡಿ. ನನ್ನ ಅಭಿಪ್ರಾಯ ಬೇರೆ. ಮಲೆನಾಡಿನ ಉಪಚಾರ ನಾಲ್ಕು ದಿನಕ್ಕೆ ಸುಸ್ತು ಮಾಡುತ್ತದೆ. ಇನ್ನೊಂದು ಕಡುಬು, ಇನ್ನೊಂದು ಸೌಟು ಅಂತ ಬಿಡುವುದಿಲ್ಲ. ಸಂಕೋಚದ ಸ್ವಭಾವದವರಾದರೆ ಕೋಣೆಯಿಂದ ಹೊರಗೆ ಬರುವುದಕ್ಕೇ ಹಿಂಜರಿಯುತ್ತೀರಿ. ಮೊಬೈಲ್ ಸಿಗ್ನಲ್ಲೂ ಹೋಗಿ ಬಂದು ಮಾಡುತ್ತದೆ.

ತೀರ್ಥಹಳ್ಳಿಯಂಥ ಸಣ್ಣ ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಲಾಡ್ಜಿನಲ್ಲಿ ಕೆಳಗಿನ ಅಂತಸ್ತಿನ ಕೋಣೆ ಹಿಡಿಯಿರಿ. ಬೆಳಿಗ್ಗೆ ತುಂಗೆಯ ಹಳೇ ಕಮಾನು ಸೇತುವೆಯ ಮೇಲೆ ಹೋಗಿ ಬರುವುದು ಮಟ್ಟಸ ನಡಿಗೆ, ಮಂಡಿಗೆ ತೊಂದರೆಯಿಲ್ಲ. ವಾಪಸು ಬರುತ್ತಾ ದಿನಾ ಒಂದೇ ಹೋಟೆಲಿಗೆ, ಒಂದೇ ಹೊತ್ತಿಗೆ ಹೋಗಿ. ಮೂರನೇ ದಿನಕ್ಕೆ ಸಪ್ಲೈಯರೇ ನೀವು ಕೇಳುವ ಮೊದಲು ಕಾಫಿ ತಂದಿಡುತ್ತಾನೆ. ಪೇಪರ್ ಹಂಚಿಕೊಳ್ಳುವವರು ಒಬ್ಬಿಬ್ಬರು ಗುರುತಾಗುತ್ತಾರೆ. ಅಷ್ಟು ಜೊತೆ ಸಾಕು ಅನ್ನುವವರಿಗೆ ಪೇಟೆಯೇ ಸರಿ. ಆಟೋ ಮಾಡಿಕೊಂಡು ಒಂದು ದಿನ ಕುಪ್ಪಳಿಗೆ ಹೋಗಿ. ಕವಿಶೈಲದವರೆಗೂ ವಾಹನ ಹೋಗುತ್ತದೆ, ಹತ್ತುವ ಕಷ್ಟವಿಲ್ಲ. ವಾರದ ನಡುವೆ ಬೆಳಿಗ್ಗೆ ಬೇಗ ಹೋದರೆ ಶಾಲೆ ಮಕ್ಕಳ ಬಸ್ಸುಗಳು ಬರುವ ಮೊದಲು ಬಂಡೆ ಮೇಲೆ ಕೂರಬಹುದು.

ಎಳ್ಳಮಾವಾಸ್ಯೆಯ ಜಾತ್ರೆ ಹೊತ್ತಿಗೆ ಮಾತ್ರ ಬರಬೇಡಿ. ಆಗ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೋಣೆಯೂ ಸಿಗುವುದಿಲ್ಲ. ಕ್ಯಾಲೆಂಡರ್ ನೋಡಿಕೊಂಡು ಹೊರಡಿ.

ಸೊರಬದಿಂದ, ನಿವೃತ್ತ ಆರೋಗ್ಯ ಸಹಾಯಕಿ

ಪ್ರವಾಸ ಮುಂದೆ ಹೋಗಿ ಜನವರಿ, ಫೆಬ್ರವರಿಗೆ ಬಂದರೆ ಇದನ್ನು ಓದಿ. ನಮ್ಮ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಇದೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಹಾಗಂತ ಹೆದರಿ ಬರುವುದನ್ನೇ ಬಿಡಬೇಕಿಲ್ಲ. ಟಾರ್ ರಸ್ತೆ, ಅಂಗಳ, ಪೇಟೆಯಲ್ಲಿ ಓಡಾಡುವವರಿಗೆ ಅಪಾಯ ಕಡಿಮೆ. ಕಾಡಿನ ದಾರಿ, ತರಗೆಲೆ ರಾಶಿ, ಸೊಪ್ಪಿನ ಬೆಟ್ಟ, ಇಷ್ಟಕ್ಕೆ ಹೋಗಬೇಡಿ. ಊರಲ್ಲಿ ಮಂಗ ಸತ್ತಿದೆಯಾ ಅಂತ ಮನೆಯವರನ್ನು ಕೇಳಿ. ಸತ್ತಿದ್ದರೆ ಆ ಕಡೆ ಸುಳಿಯಬೇಡಿ. ಉದ್ದ ತೋಳಿನ ಅಂಗಿ, ಪ್ಯಾಂಟು, ಕಾಲುಚೀಲ ಇರಲಿ. ತಿರುಗಾಡಿ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಕೊಡವಿ ನೋಡಿ.

ಬಿಪಿ ಮಾತ್ರೆ ಎರಡು ಕಡೆ ಇಟ್ಟುಕೊಳ್ಳಿ, ಅರ್ಧ ಕೈಚೀಲದಲ್ಲಿ, ಅರ್ಧ ಪೆಟ್ಟಿಗೆಯಲ್ಲಿ. ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ನಿಮ್ಮ ಬ್ರ್ಯಾಂಡ್ ಹಳ್ಳಿಯಲ್ಲಿ ಸಿಗದಿದ್ದರೂ ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ ಅದೇ ಔಷಧಿ ಬೇರೆ ಹೆಸರಲ್ಲಿ ಸಿಗುತ್ತದೆ. ಉಳಿಯುವ ಮನೆಯಿಂದ ತಾಲೂಕು ಆಸ್ಪತ್ರೆಗೆ ರಾತ್ರಿ ಹೊತ್ತು ಗಾಡಿ ಯಾರದು ಅಂತ ಮೊದಲ ದಿನವೇ ತಿಳಿದುಕೊಳ್ಳಿ.

ದಾವಣಗೆರೆಗೆ ವಾಪಸಾದ ಮೇಲೆ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅಂದೇ ಡಾಕ್ಟರ ಹತ್ತಿರ ಹೋಗಿ, ಮಲೆನಾಡಿಗೆ ಹೋಗಿ ಬಂದಿದ್ದೇನೆ ಅನ್ನುವುದನ್ನು ನೀವಾಗಿಯೇ ಹೇಳಿ. ಬಯಲುಸೀಮೆಯಲ್ಲಿ ಅವರಿಗೆ ತಾನಾಗಿ ಹೊಳೆಯುವ ಕಾಯಿಲೆಯಲ್ಲ ಇದು.