ಸಹಾಯ ಬೇಕು: ಶಾಲೆಯ ವೆಬ್‌ಸೈಟ್ ಬಗ್ಗೆ ಆಡಳಿತ ಮಂಡಳಿಗೆ ಪತ್ರ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಗೆ ವೆಬ್‌ಸೈಟ್ ಬೇಕು ಅಂತ ಆಡಳಿತ ಮಂಡಳಿಗೆ ಪತ್ರ ಬರೆಯುತ್ತಿದ್ದೇನೆ. ಪ್ರಯೋಜನದ ಭಾಗ ಬೇಗ ಮುಗಿಯಿತು: ರಜೆ, ಪರೀಕ್ಷೆ ವೇಳಾಪಟ್ಟಿ, ಪ್ರವೇಶದ ಅರ್ಜಿ ಒಂದೇ ಕಡೆ ಸಿಕ್ಕರೆ ಕಚೇರಿಗೆ ಬರುವ ಫೋನ್ ಕಡಿಮೆಯಾಗುತ್ತದೆ. ಶುರುವಿಗೆ ನಾಲ್ಕೈದು ಪುಟ ಸಾಕು. ಮಕ್ಕಳ ಫೋಟೋ ಹಾಕುವ ಮುಂಚೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಫೋಟೋ ಕೆಳಗೆ ಹೆಸರು ಬೇಡ ಅಂತಲೂ ಸೇರಿಸಿದ್ದೇನೆ.

ಖರ್ಚಿನಲ್ಲಿ ಡೊಮೇನ್ ಮತ್ತು ಹೋಸ್ಟಿಂಗ್ ಎರಡಕ್ಕೂ ಪ್ರತಿ ವರ್ಷ ಹಣ ಕಟ್ಟಬೇಕು. ಮೊದಲ ವರ್ಷದ ರಿಯಾಯಿತಿ ದರ ಮಾತ್ರ ತೋರಿಸಿದರೆ, ಮುಂದಿನ ವರ್ಷ ಜಾಸ್ತಿ ಬಿಲ್ ಬಂದಾಗ ಮಂಡಳಿ ಕೈಬಿಡಬಹುದು. ಅದಕ್ಕೇ ನವೀಕರಣದ ದರ ಹಿಡಿದು ಮೂರು ವರ್ಷದ ಲೆಕ್ಕ ಕೊಟ್ಟಿದ್ದೇನೆ.

ನಾನು ನಿಂತಿರುವುದು ನಿರ್ವಹಣೆಯ ಭಾಗದಲ್ಲಿ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

"ಡೊಮೇನನ್ನು ಶಾಲೆಯ ಹೆಸರಿನಲ್ಲಿ, ಕಚೇರಿಯ ಇಮೇಲ್ ಕೊಟ್ಟು ನೋಂದಾಯಿಸಬೇಕು. ಪಾಸ್‌ವರ್ಡ್‌ನ ಒಂದು ಪ್ರತಿ ಮುಖ್ಯೋಪಾಧ್ಯಾಯರ ಬಳಿ ಇರಬೇಕು. ಸೂಚನೆಗಳನ್ನು ಕಚೇರಿ ಸಿಬ್ಬಂದಿ ಹಾಕಲಿ, ತಿಂಗಳಿಗೊಮ್ಮೆ ಬ್ಯಾಕಪ್ ಮತ್ತು ಅಪ್‌ಡೇಟ್ ಕೆಲಸವನ್ನು ಕಂಪ್ಯೂಟರ್ ಶಿಕ್ಷಕರು ನೋಡಿಕೊಳ್ಳಲಿ."

ಸೈಟ್ ಮಾಡಿಕೊಟ್ಟವರ ಸ್ವಂತ ಖಾತೆಯಲ್ಲಿ ಡೊಮೇನ್ ಇದ್ದರೆ ನವೀಕರಣದ ಸೂಚನೆ ಶಾಲೆಗೆ ಬರುವುದೇ ಇಲ್ಲ. ಅವಧಿ ಮುಗಿದರೆ ಸೈಟ್ ನಿಲ್ಲುತ್ತದೆ, ಕೊನೆಗೆ ಆ ಹೆಸರನ್ನು ಬೇರೆಯವರು ಕೊಂಡುಬಿಡಬಹುದು. ಈ ಮಾತು ಪತ್ರದಲ್ಲಿ ಇರಲೇಬೇಕು ಅಲ್ವಾ?

ಶಿಕ್ಷಕರಿಗೆ ಇದು ಹೆಚ್ಚುವರಿ ಕೆಲಸ. ಅದಕ್ಕೆ ಒಂದು ಪಿರಿಯಡ್ ಬಿಡುವು ಕೇಳಲೋ, ಗೌರವಧನ ಕೇಳಲೋ? ಇಂಥ ಪತ್ರ ಕೊಟ್ಟು ಒಪ್ಪಿಗೆ ಪಡೆದವರು ದಯವಿಟ್ಟು ಆ ಸಾಲುಗಳನ್ನು ಹಂಚಿಕೊಳ್ಳಿ.