ಮಾತಿಲ್ಲದೆ ಬಂದ ಪಹಣಿ

ಸಿಂಧನೂರಿನಲ್ಲಿ ಆನ್‌ಲೈನ್ ಅಂಗಡಿ ಇಟ್ಟವರಿಗೆ ಬೆಳಗಾದರೆ ಫೋಟೋಗಳ ಸುರಿಮಳೆ. ನಮ್ಮ ರವಿಯ ವಾಟ್ಸಾಪ್ ತೆಗೆದರೆ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು, ಯಾರದೋ ಹೊಲದ ಬದು. ಒಂದಕ್ಕೂ ಹಿಂದೆ ಮಾತಿಲ್ಲ, ಮುಂದೆ ಮಾತಿಲ್ಲ. ಮೊನ್ನೆ ಭಾನುವಾರ ಒಗ್ಗರಣಿ, ಮಿರ್ಚಿ ಇಟ್ಟುಕೊಂಡು ಅವನ ಅಂಗಡಿಯಲ್ಲಿ ಕೂತಿದ್ದೆವು. ಆಗ ಸಂಕ್ರಪ್ಪ ಕಾಕಾನ ನಂಬರಿನಿಂದ ಒಂದು ಪಹಣಿ ಬಂತು. ಅಷ್ಟೇ. ನಮಸ್ಕಾರವೂ ಇಲ್ಲ.

"ಪ್ರಿಂಟ್ ಬೇಕಾಗಿರ್ತದೆ, ತೆಗೆದಿಟ್ಟುಬಿಡು," ಎಂದ ಖಾಜಾ. ಅವನದು ಗೊಬ್ಬರದ ಅಂಗಡಿ. ಯಾರು ಏನು ಕೇಳಿದರೂ ಮೊದಲು ಒಂದು ಚೀಲ ತೂಗಿಬಿಡುವ ಜನ.

"ಫೋಟೋದ ಪ್ರಿಂಟ್ ತಗೊಂಡು ಕಾಕಾ ಏನು ಮಾಡ್ತಾನೆ? ಬ್ಯಾಂಕಿನವರಿಗೆ ಹೊಸ ಪಹಣಿನೇ ಬೇಕು," ಎಂದ ರವಿ.

"ಹಂಗಾದರೆ ಬೆಳೆ ವಿಮೆ."

"ಇಲ್ಲಾಂದ್ರೆ ಹೆಸರು ತಿದ್ದುಪಡಿ. ಇಲ್ಲಾಂದ್ರೆ ಆಧಾರ್ ಜೋಡಣೆ. ಇಲ್ಲಾಂದ್ರೆ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಪೌತಿ ಖಾತೆ." ರವಿ ಬೆರಳು ಮಡಿಚುತ್ತಾ ಹೋದ. ಒಂದು ಪಹಣಿಗೆ ಇಷ್ಟು ಕೆಲಸ ಇರುತ್ತವೆ ಅಂತ ನನಗೂ ಅವತ್ತೇ ಗೊತ್ತಾಯಿತು.

ಅವನು ಅಷ್ಟರಲ್ಲಿ ಉತ್ತರ ಟೈಪ್ ಮಾಡಿ ಕಳಿಸೋಕೆ ಹೊರಟಿದ್ದ. ಶಾಂತಕ್ಕ ಟೀಚರ್ ಇಣುಕಿ ನೋಡಿದರು. ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ.

"ಏನೋ ಇದು? ಅರವತ್ತು ದಾಟಿದ ಮನುಷ್ಯನಿಗೆ ಕೊಕ್ಕೆ ಕಳಿಸ್ತೀಯಾ?"

ರವಿ ಅಳಿಸಿ, "ಇದೇನು ಕಾಕಾ?" ಎಂದು ಬರೆದ.

"ಇದು ಇನ್ನೂ ಕೆಟ್ಟದು. ಎದುರಿಗೆ ನಗ್ತಾ ಕೇಳಿದರೆ ಸರಿ. ಫೋನಿನಲ್ಲಿ ನಿನ್ನ ನಗು ಕಾಣೋದಿಲ್ಲ. ಯಾಕೆ ಕಳಿಸಿದೆ ಅಂತ ಗದರಿಸಿದ ಹಾಗೆ ಇರ್ತದೆ."

ಮೂರನೆಯದು, "ಏನು ಮಾಡಬೇಕು ಕಾಕಾ?" ಇದರಲ್ಲಿ ತಪ್ಪಿಲ್ಲ ಎಂದು ನಾನು, ಖಾಜಾ ಇಬ್ಬರೂ ಒಪ್ಪಿದೆವು. ಶಾಂತಕ್ಕ ಒಪ್ಪಲಿಲ್ಲ. ಕಾಕಾ ಟೈಪ್ ಮಾಡಲಾರದೆ ತಾನೇ ಬರೀ ಫೋಟೋ ಕಳಿಸಿದ್ದು? ಈಗ ಅವನಿಗೆ ಪೂರ್ತಿ ಕತೆ ಟೈಪ್ ಮಾಡು ಅಂದರೆ ಏನು ಮಾಡ್ತಾನೆ? ಅದೇ ಫೋಟೋ ಇನ್ನೊಂದು ಸಲ ಕಳಿಸ್ತಾನೆ. ಇದು ನಿಜ, ರವಿಯ ಫೋನಿನಲ್ಲಿ ಅಂಥ ಜೋಡಿ ಫೋಟೋಗಳು ಬೇಕಾದಷ್ಟಿವೆ.

"ಮೊದಲು ಅವನು ಕಳಿಸಿದ್ದನ್ನ ನೋಡು," ಎಂದರು ಟೀಚರ್. "ನೋಡಿದ್ದೀನಿ ಅಂತ ಅವನಿಗೆ ಗೊತ್ತಾಗಬೇಕು. ಆಮೇಲೆ ಕೇಳು."

ರವಿ ಫೋಟೋ ದೊಡ್ಡದು ಮಾಡಿದ. ಪಹಣಿ ಓದೋದರಲ್ಲಿ ಅವನು ಹುಲಿ. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು. ಅಲ್ಲಿ ಕಾಕಾನ ಹೆಸರೇ ಸರಿಯಾಗಿ ಇತ್ತು. ಅಂದರೆ ಪೌತಿ ಖಾತೆಯೂ ಅಲ್ಲ, ತಿದ್ದುಪಡಿಯೂ ಅಲ್ಲ. 12ನೇ ಕಾಲಮ್ಮಿನಲ್ಲಿ ಬೆಳೆ. ಅಲ್ಲಿ ಭತ್ತ ಅಂತ ಇತ್ತು. ಕಾಕಾನದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹೊಲ, ಭತ್ತವೇ ಸರಿ. ಹೊಲದಲ್ಲಿ ಒಂದು ಬೆಳೆ, ಪಹಣಿಯಲ್ಲಿ ಇನ್ನೊಂದು ಇದ್ದಿದ್ದರೆ ವಿಮೆಯ ತಕರಾರು ಅನ್ನಬಹುದಿತ್ತು. ಇನ್ನು ಉಳಿದದ್ದು 11ನೇ ಕಾಲಮ್ಮು, ಹಕ್ಕು ಮತ್ತು ಋಣದ್ದು. ಅದರ ಮೇಲೆ ಕಾಕಾನ ಹೆಬ್ಬೆರಳು.

"ಹಿಡಿಯೋಕೆ ಬೇರೆ ಜಾಗ ಸಿಗಲಿಲ್ಲವಾ ಈ ಮನುಷ್ಯನಿಗೆ?" ಎಂದ ಖಾಜಾ.

ಬೆರಳು ಸರಿಸೋಕೆ ಆಗೋದಿಲ್ಲ. ಆದರೆ ಮೇಲೆ ಸರ್ವೆ ನಂಬರ್, ಹಿಸ್ಸಾ ಚೆನ್ನಾಗಿ ಕಾಣುತ್ತಿತ್ತು. ರವಿ ಸರ್ಕಾರದ ಪಹಣಿ ಸಿಗುವ "ಭೂಮಿ" ವೆಬ್‌ಸೈಟ್ ತೆಗೆದ. ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್, ಸರ್ನೋಕ್‌ನಲ್ಲಿ ಒಂದು ನಕ್ಷತ್ರ, ಹಿಸ್ಸಾ. ಈಗಿನ ಪಹಣಿ ಬಂತು. 11ರಲ್ಲಿ ಬ್ಯಾಂಕಿನ ಬೆಳೆ ಸಾಲದ ನಮೂದು ಕೂತಿತ್ತು. ಕಾಕಾ ಕಳಿಸಿದ ಪ್ರತಿ ಹಳೆಯದಿದ್ದರೂ ಇರಬಹುದು, ಅದಕ್ಕೇ ಹೀಗೆ ಈಗಿನದನ್ನು ನೋಡಿಕೊಳ್ಳೋದು ಒಳ್ಳೆಯದು ಎಂದ ರವಿ.

"ಗೊತ್ತಾಯ್ತಲ್ಲ! ಸಾಲದ ನಮೂದು ತೆಗೆಸಬೇಕು. ಅರ್ಜಿ ಬರಿ!" ಖಾಜಾ ಮತ್ತೆ ಚೀಲ ತೂಗೋಕೆ ಎದ್ದ.

"ಕೂತ್ಕೊ. ನನಗೂ ಒಂದು ಸಲ ಹೀಗೇ ಗೊತ್ತಾಗಿತ್ತು," ಎಂದರು ಟೀಚರ್. ಒಬ್ಬ ಹುಡುಗನ ತಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳಿಸಿದ್ದರಂತೆ, ಮಾತಿಲ್ಲದೆ. ಹೆಸರು ತಪ್ಪಾಗಿದೆಯಾ, ಮರುಮೌಲ್ಯಮಾಪನ ಬೇಕಾ, ಕಾಲೇಜಿನ ಅರ್ಜಿಗಾ ಅಂತ ಟೀಚರ್ ವಿಚಾರಣೆ ಶುರು ಮಾಡಿದರು. ಆ ಮನುಷ್ಯ ಸಂಕೋಚದಿಂದ ಫೋನ್ ಮಾಡಿ, "ಏನಿಲ್ರಿ ಟೀಚರ್, ಹುಡುಗ ಪಾಸಾದ, ನೀವು ನೋಡ್ಲಿ ಅಂತ ಹಾಕಿದ್ದೆ," ಎಂದರಂತೆ. ಸುಮ್ನೆ ತೋರಿಸೋಕೆ ಕಳಿಸುವವರೂ ಇರುತ್ತಾರೆ. ಆ ದಾರಿಯನ್ನೂ ಬಿಟ್ಟು ಕೇಳಬೇಕು.

ಕೊನೆಗೆ ರವಿ ಆ ಫೋಟೋವನ್ನೇ ಒತ್ತಿ ಹಿಡಿದು, ಅದಕ್ಕೇ ಅಂಟಿಕೊಳ್ಳುವ ಹಾಗೆ ಉತ್ತರ ಕೊಟ್ಟ. ಬೇರೆ ಫೋಟೋಗಳ ಜೊತೆ ಕಲೆಸಬಾರದು ಅಂತ. ಬರೆಯಲಿಲ್ಲ, ದನಿಯಲ್ಲಿ ಹೇಳಿದ. "ಕಾಕಾ, ನಮಸ್ಕಾರ್ರಿ. ಪಹಣಿ ಬಂತ್ರಿ, ನೋಡಿದೆ. ಹೆಸರು, ಬೆಳೆ ಎಲ್ಲ ಸರಿ ಐತಿ. ಸಾಲದ ನಮೂದು ಒಂದು ಐತ್ರಿ. ಅದರ ಕೆಲಸಾನಾ, ಇಲ್ಲಾ ಹೊಸ ಪಹಣಿ ತೆಗೆದಿಡಬೇಕಾ? ಸುಮ್ನೆ ನೋಡ್ಲಿ ಅಂತ ಕಳಿಸಿದ್ರೂ ಅಡ್ಡಿಯಿಲ್ರಿ. ಬಾಯಿಲೇ ಹೇಳಿ ಕಳಿಸ್ರಿ, ಅವಸರ ಇದ್ದರೆ ಫೋನ್ ಮಾಡ್ರಿ."

"ಇದರಲ್ಲಿ ಬೈದ ಹಾಗೆ ಎಲ್ಲೂ ಇಲ್ಲ," ಎಂದು ಟೀಚರ್ ಅಂಕ ಕೊಟ್ಟರು.

ಕಾಯುವ ಹೊತ್ತಿಗೆ ಖಾಜಾ ತನ್ನ ಫೋನ್ ತೋರಿಸಿದ. ಪರಿಚಯದವರ ನಂಬರಿನಿಂದ ಮಾತಿಲ್ಲದ ಒಂದು ಲಗ್ನಪತ್ರಿಕೆ. ಹೆಸರಿನ ಕೊನೆಗೆ .apk ಅಂತ ಇತ್ತು. ರವಿ ಅವನ ಕೈ ಹಿಡಿದ. ಅದು ಪತ್ರಿಕೆಯಲ್ಲ, ಫೋನಿಗೆ ಹಾಕಿಕೊಳ್ಳುವ ಆ್ಯಪ್. ಹಾಕಿಕೊಂಡು ಅದು ಕೇಳಿದ ಅನುಮತಿ ಕೊಟ್ಟರೆ ಒಟಿಪಿ ಮೆಸೇಜುಗಳನ್ನೂ ಓದಬಲ್ಲದು, ಆಮೇಲೆ ಬ್ಯಾಂಕಿನ ದುಡ್ಡು ಹೋಗೋದು. ಇಂಥದ್ದಕ್ಕೆ ವಾಟ್ಸಾಪಿನಲ್ಲಿ ಮೆತ್ತಗೆ ಕೇಳಿಯೂ ಉಪಯೋಗವಿಲ್ಲ. ಅವರ ವಾಟ್ಸಾಪೇ ಕಳ್ಳರ ಕೈಲಿದ್ದರೆ "ಹೌದು, ತೆಗೆದು ನೋಡು" ಅಂತ ಕಳ್ಳರೇ ಹೇಳುತ್ತಾರೆ. ನೇರ ಫೋನ್ ಮಾಡಿ, ದನಿ ಕೇಳಿಯೇ ವಿಚಾರಿಸಬೇಕು. ಖಾಜಾ ಮಾಡಿದ. ಆ ಮನೆಯಲ್ಲಿ ಲಗ್ನದ ವಯಸ್ಸಿಗೆ ಬಂದವರೇ ಯಾರೂ ಇರಲಿಲ್ಲ.

ಅಷ್ಟರಲ್ಲಿ ಕಾಕಾನ ಉತ್ತರ ಬಂತು. ಇನ್ನೊಂದು ಫೋಟೋ! ಮಾತಿಲ್ಲ. ನಾವೆಲ್ಲ ತಲೆ ಚಚ್ಚಿಕೊಳ್ಳುವಷ್ಟರಲ್ಲಿ ರವಿ, "ತಡೀರಿ, ಇದು ಉತ್ತರಾನೇ," ಎಂದ. ಬ್ಯಾಂಕಿನ ಬೇಬಾಕಿ ಪತ್ರ. ಸಾಲ ತೀರಿದೆ ಅಂತ ಸಹಿ, ಸೀಲು.

ಆದರೂ ಒಂದು ಮಾತು ಖಾತ್ರಿ ಮಾಡಿಕೊಳ್ಳೋಣ ಅಂತ, "ನಮೂದು ತೆಗೆಸೋದು ತಾನೇ ಕಾಕಾ?" ಎಂದು ಕಳಿಸಿದ. ಬಂದದ್ದು 🙏.

ಈ ಕೈಮುಗಿತ ಹೌದು ಅಂತಲೋ, ಉಪಕಾರವಾಯ್ತು ಅಂತಲೋ, ಸಾಕು ಬಿಡಪ್ಪ ಅಂತಲೋ? ಅದರ ಮೇಲೆ ಒಂದು ಪ್ಲೇಟ್ ಮಿರ್ಚಿ ಖಾಲಿಯಾಯಿತು. ಕೊನೆಗೆ ರವಿ ಫೋನೇ ಮಾಡಿದ.

"ಸಾಲ ಕಟ್ಟಿ ಎಷ್ಟು ದಿನ ಆತೋ ತಮ್ಮಾ, ಪಹಣಿಯಾಗ ಇನ್ನೂ ಹಂಗೇ ಐತಿ. ಬೇರೆ ಬ್ಯಾಂಕಿನವರು ಅದನ್ನ ನೋಡಿ ವಾಪಸ್ ಕಳಿಸಿದ್ರು. ನಾನು ಕೆಂಪು ಪೆನ್ನಿಲೆ ಗುರುತು ಹಾಕಿಯೇ ಫೋಟೋ ತೆಗೆದೀನಲ್ಲ, ಕಾಣಲಿಲ್ಲೇನು?"

ಗುರುತು ಹೆಬ್ಬೆರಳಿನ ಕೆಳಗಿತ್ತು. ರವಿ ಅದನ್ನು ಹೇಳಲಿಲ್ಲ. "ಬೆಳಕು ಕಡಿಮೆ ಇತ್ತೇನೋ ಕಾಕಾ," ಎಂದ. ಆಮೇಲೆ ಕೆಲಸದ ಮಾತು. ಬೇಬಾಕಿ ಪತ್ರ ಮನೆಯಲ್ಲಿ ಇಟ್ಟುಕೊಂಡರೆ ನಮೂದು ತಾನಾಗಿ ಹೋಗೋದಿಲ್ಲ. ಸಾಲ ತೀರಿದ್ದನ್ನು ಭೂಮಿ ಕೇಂದ್ರಕ್ಕೆ ತಿಳಿಸಿದ್ದೀರಾ ಅಂತ ಮೊದಲು ಆ ಬ್ಯಾಂಕಿನಲ್ಲೇ ಕೇಳಬೇಕು. ತಿಳಿಸಿದ ಮೇಲೆ ಮ್ಯುಟೇಶನ್ ಆಗಿ 11ನೇ ಕಾಲಮ್ ಖಾಲಿಯಾಗುತ್ತದೆ. ಹೊಸ ಪಹಣಿ ತೆಗೆಸೋದು ಅದಾದ ಮೇಲೆಯೇ. ಮೊದಲೇ ತೆಗೆಸಿದರೆ ಹಳೇ ಸಾಲವೇ ಅಚ್ಚಾಗಿ ಬರುತ್ತದೆ.

"ಇಷ್ಟು ನೆನಪಿರಂಗಿಲ್ಲೋ, ಒಂದು ಚೀಟಿ ಬರೆದು ಕಳಿಸು," ಎಂದ ಕಾಕಾ.

ರವಿ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದ. ಫೋಟೋ ತೆಗೆದ. ಕಳಿಸಿ, ಫೋನ್ ಜೇಬಿಗೆ ಇಟ್ಟ.

"ಜೊತೆಗೆ ಏನು ಬರೆದೆ?" ಎಂದರು ಶಾಂತಕ್ಕ.

"ಏನೂ ಇಲ್ಲ. ಅದರಲ್ಲೇ ಎಲ್ಲಾ ಐತಲ್ಲ?"